40 ರೂಮ್ ಬ್ಲಾಕ್ ಮಾಡಿದಿರಿ, ತುಂಬಿದ್ದು 26: ನಷ್ಟ ಯಾರದು?

ಮೈಸೂರಿನ ಹೋಟೆಲೊಂದರಲ್ಲಿ ನೀವು ಸೇಲ್ಸ್ ನೋಡಿಕೊಳ್ಳುತ್ತೀರಿ ಅಂದುಕೊಳ್ಳಿ. ಬೆಂಗಳೂರಿನ ಕಂಪನಿಯೊಂದು ಫೋನ್ ಮಾಡುತ್ತದೆ. ಡಿಸೆಂಬರ್‌ನಲ್ಲಿ ಶುಕ್ರವಾರ, ಶನಿವಾರ ಎರಡು ರಾತ್ರಿಗೆ 40 ರೂಮ್ ಬೇಕು. ತಕ್ಷಣ ರೇಟ್ ಹೇಳಬೇಡಿ. ಹಿಂದಿನ ಸಲ ಎಷ್ಟು ರೂಮ್ ಕೇಳಿ ಎಷ್ಟು ಬಳಸಿದ್ದರು ಅಂತ ವಿಚಾರಿಸಿ. 40 ಕೇಳಿ 30 ಬಳಸುವವರಾದರೆ 32 ಬ್ಲಾಕ್ ಮಾಡಿ, ಬೇಕಾದರೆ ಆಮೇಲೆ ಸೇರಿಸೋಣ ಅನ್ನಿ.

ಅವರ ಲೆಕ್ಕ ಸರಿಯಿದೆ, 40 ರೂಮನ್ನೇ ರಾತ್ರಿಗೆ 4,500 ರೂಪಾಯಿಯಂತೆ ಕೊಟ್ಟಿರಿ ಎನ್ನೋಣ. ಮುಂದಿನದು ಕಟ್-ಆಫ್ ದಿನಾಂಕ. ಅತಿಥಿಗಳ ಹೆಸರು ಬರಬೇಕಾದ ಕೊನೆಯ ದಿನ ಅದು. ಹೆಸರಿಲ್ಲದ ರೂಮ್‌ಗಳು ಅಂದು ಮಾರಾಟಕ್ಕೆ ವಾಪಸ್ ಬರುತ್ತವೆ. ಡಿಸೆಂಬರ್‌ನಲ್ಲಾದರೆ ಅತಿಥಿಗಳು ಬರುವ 21 ದಿನ ಮೊದಲು ಇಡುವುದು ಒಳ್ಳೆಯದು. ವಾರ ಮೊದಲು ಅಂತ ಒಪ್ಪಿಕೊಂಡರೆ, ಉಳಿದ ರೂಮ್ ಮಾರಲು ಸಮಯವೇ ಸಿಗುವುದಿಲ್ಲ. ಕಟ್-ಆಫ್‌ವರೆಗೂ ಸುಮ್ನೆ ಕೂರಬೇಡಿ. ವಾರಕ್ಕೊಮ್ಮೆ ಎಷ್ಟು ಹೆಸರು ಬಂತು ನೋಡಿ, ಕಡಿಮೆ ಇದ್ದರೆ ಫೋನ್ ಮಾಡಿ.

ನಾನು ಅತಿ ಹೆಚ್ಚು ಎಡವಟ್ಟು ಕಂಡಿರುವುದು ಅಟ್ರಿಷನ್ ಷರತ್ತಿನಲ್ಲಿ. ಬ್ಲಾಕ್ ಮಾಡಿದ್ದರಲ್ಲಿ ಎಷ್ಟರವರೆಗೆ ಕಡಿಮೆಯಾದರೆ ದಂಡವಿಲ್ಲ ಎನ್ನುವ ಮಿತಿ ಇದು. 20 ಶೇಕಡಾ ಬಿಟ್ಟಿದ್ದೀರಿ ಅನ್ನಿ. ಎರಡು ರಾತ್ರಿಗೆ ಒಟ್ಟು 80 ರೂಮ್, ಅವರು 64 ತುಂಬಿಸಿದರೆ ಸಾಕು. ಶುಕ್ರವಾರ 38, ಶನಿವಾರ 26 ರೂಮ್ ತುಂಬಿದವು. ಕೂಡಿಸಿದರೆ ಸರಿಯಾಗಿ 64! ಒಂದು ಪೈಸೆಯೂ ಕೇಳುವ ಹಾಗಿಲ್ಲ. ಆದರೆ ಮೈಸೂರಿಗೆ ಪ್ರವಾಸಿಗರು ಬರುವ ಶನಿವಾರವೇ 14 ರೂಮ್ ಖಾಲಿ ಬಿತ್ತಲ್ವಾ?

ಅದಕ್ಕೇ 'ಪ್ರತಿ ರಾತ್ರಿಗೂ 80 ಶೇಕಡಾ' ಅಂತ ಬರೆಸಿ. ಆಗ ಶನಿವಾರ 32 ಬೇಕಿತ್ತು, 6 ಕಡಿಮೆ. 27,000 ರೂಪಾಯಿ ಅವರು ಕೊಡಬೇಕು, ತೆರಿಗೆ ಬೇರೆ. ಖಾಲಿ ರೂಮ್ ಬೇರೆಯವರಿಗೆ ಮಾರಿದರೆ ಆ ಹಣ ದಂಡದಲ್ಲಿ ಕಳೆಯುತ್ತೇವೆ ಎಂಬ ಸಾಲನ್ನೂ ಸೇರಿಸಿ. ಒಂದೇ ರೂಮ್‌ಗೆ ಎರಡು ಸಲ ದುಡ್ಡು ತೆಗೆದುಕೊಳ್ಳುವುದು ನ್ಯಾಯವಲ್ಲ, ಆ ಗಿರಾಕಿ ಮತ್ತೆ ಬರುವುದೂ ಇಲ್ಲ.

ಇದೇ ಕಂಪನಿ, 'ವರ್ಷಕ್ಕೆ 300 ರೂಮ್ ಕೊಡ್ತೀವಿ, ಕಾರ್ಪೊರೇಟ್ ರೇಟ್ 3,800 ಮಾಡಿ' ಅನ್ನಬಹುದು. ಮಾತಿನ ಮೇಲೆ ಇಳಿಸಬೇಡಿ. ಮೊದಲ 150 ರೂಮ್‌ಗೆ 4,200, ಅದು ದಾಟಿದ ಮೇಲೆ 3,900 ಅಂತ ಮೆಟ್ಟಿಲು ಹಾಕಿ. ದಸರಾದ ದಿನಗಳಿಗೆ ಈ ರೇಟ್ ಇಲ್ಲವೆಂದು ತಾರೀಖು ಸಮೇತ ಬರೆಯಿರಿ. ಮೂರು ತಿಂಗಳಿಗೊಮ್ಮೆ ಅವರು ನಿಜವಾಗಿ ಬಳಸಿದ ರೂಮ್‌ಗಳ ಪಟ್ಟಿಯನ್ನು ಅವರ ಟ್ರಾವೆಲ್ ಡೆಸ್ಕ್‌ಗೆ ಕಳಿಸಿ.