ಪಿಪಿಟಿಯ ಕರಡು, ಗುರುಗಳಿಗೊಂದು ಪತ್ರ, ಮೂರು ಸಂದೇಹ

‘ಸರ್, ಪಿಪಿಟಿ ಕಳುಹಿಸಿದ್ದೇನೆ. ಒಮ್ಮೆ ನೋಡಿ ಹೇಳಿ.’ ಇಷ್ಟೇ ಇರುವ ಪತ್ರ ಬಂದರೆ ನಾನು ಏನು ಮಾಡುತ್ತೇನೆಂದು ಮುಚ್ಚಿಡದೆ ಹೇಳುತ್ತೇನೆ: ಕಾಗುಣಿತ ತಿದ್ದುತ್ತೇನೆ. ಹಸಿರು ಅಕ್ಷರ ಕಣ್ಣಿಗೆ ಕಟ್ಟುವುದಿಲ್ಲ ಎನ್ನುತ್ತೇನೆ. ‘ಚೆನ್ನಾಗಿದೆ’ ಎಂದು ಮುಗಿಸುತ್ತೇನೆ. ನಿಜವಾದ ತಪ್ಪು ಐದನೇ ಸ್ಲೈಡಿನಲ್ಲಿ ಹಾಯಾಗಿ ಕುಳಿತಿರುತ್ತದೆ. ಅದನ್ನು ಸೆಮಿನಾರಿನ ದಿನ ಬೇರೆ ಯಾರೋ ಎಲ್ಲರೆದುರು ಎತ್ತಿ ತೋರಿಸುತ್ತಾರೆ. ಪಾಠ ಹೇಳುವುದನ್ನು ಬಿಟ್ಟು ವರ್ಷಗಳಾದರೂ ಕಾಸರಗೋಡಿನ ಕನ್ನಡ ಮಕ್ಕಳಿಂದ ಇಂತಹ ಪತ್ರಗಳು ಬರುವುದು ನಿಂತಿಲ್ಲ. ಆದ್ದರಿಂದ ಹೇಗೆ ಬರೆಯಬೇಕೆಂದು ಒಂದು ಉದಾಹರಣೆ ಹಿಡಿದು ಹೇಳುತ್ತೇನೆ.

ಪೆರ್ಲದ ಕಡೆಯ ಒಬ್ಬ ಭೂಗೋಳದ ವಿದ್ಯಾರ್ಥಿನಿ ತನ್ನೂರಿನ ಸುರಂಗಗಳ ಬಗ್ಗೆ ಹನ್ನೆರಡು ಸ್ಲೈಡ್ ಮಾಡಿದ್ದಳು. ಮುರಕಲ್ಲಿನ ಗುಡ್ಡಕ್ಕೆ ಪಿಕಾಸಿಯಿಂದ ಅಡ್ಡಲಾಗಿ ಕೊರೆದು, ಒಳಗೆ ಒಸರುವ ನೀರನ್ನು ಪಂಪಿಲ್ಲದೆ ಹೊರಗೆ ಹರಿಸಿಕೊಳ್ಳುವ ನಮ್ಮ ಸುರಂಗಗಳು. ಹದಿನಾಲ್ಕು ಸುರಂಗಗಳನ್ನು ನಡೆದು ನೋಡಿದ್ದಳು. ಕೆಲಸ ಒಳ್ಳೆಯದಿತ್ತು, ಮೊದಲ ಪತ್ರ ಮಾತ್ರ ಮೇಲೆ ಹೇಳಿದ ಜಾತಿಯದು. ವಾಪಸು ಕಳುಹಿಸಿದೆ.

ಮೊದಲು ಸಂದೇಹಗಳನ್ನು ಆರಿಸಿ

ಸ್ಲೈಡ್‌ಗಳನ್ನು ಒಂದೊಂದಾಗಿ ತೆರೆದು, ಎಲ್ಲಿ ನಿಮ್ಮ ದನಿ ಸಣ್ಣಗಾಗುತ್ತದೋ ಅಲ್ಲೆಲ್ಲ ಗುರುತು ಹಾಕಿ. ಆಕೆಗೆ ಹನ್ನೊಂದು ಸಿಕ್ಕಿದವು. ಹನ್ನೊಂದನ್ನೂ ಕಳುಹಿಸಬಾರದು. ಅರ್ಧ ಗಂಟೆ ಹುಡುಕಿದರೆ ನಿಮಗೇ ಸಿಗುವ ಉತ್ತರಗಳನ್ನು ಹೊಡೆದು ಹಾಕಿ. ಅವು ಸಂದೇಹವಲ್ಲ, ಸೋಮಾರಿತನ. ಬಣ್ಣ, ಚಿತ್ರದ ಜಾಗ, ‘ಇನ್ನೂ ಒಂದು ಸ್ಲೈಡ್ ಸೇರಿಸಲೇ’ ಎಂಬಂಥವೂ ಹೋಗಲಿ. ತಪ್ಪಾಗಿದ್ದರೆ ಇಡೀ ಸ್ಲೈಡನ್ನೇ ಕೆಡವುವಂಥವು ಉಳಿಯುತ್ತವೆ. ನನ್ನ ಲೆಕ್ಕದಲ್ಲಿ ಅವು ಮೂರಕ್ಕಿಂತ ಹೆಚ್ಚಿದ್ದರೆ ಕರಡು ಇನ್ನೂ ಕಳುಹಿಸುವ ಹಂತಕ್ಕೆ ಬಂದಿಲ್ಲ.

ಸಂದೇಹ ಬರೆಯುವುದು

ಬಹಳ ಮಂದಿ ಎಡವುವುದು ಇಲ್ಲೇ. ‘ಐದನೇ ಸ್ಲೈಡಿನ ಲೆಕ್ಕ ಸರಿಯಿದೆಯೇ?’ ಎಂದು ಕೇಳಿದರೆ ಗುರುಗಳು ಗುಣಾಕಾರ ನೋಡುತ್ತಾರೆ. ಗುಣಾಕಾರ ಸರಿಯೇ ಇರುತ್ತದೆ. ಆದ್ದರಿಂದ ಪ್ರತಿ ಸಂದೇಹದಲ್ಲೂ ನಾಲ್ಕು ಮಾತು ಬರಲಿ: ಎಷ್ಟನೇ ಸ್ಲೈಡ್, ನಾನು ಏನು ಮಾಡಿದೆ, ಯಾಕೆ ಅನುಮಾನ ಬಂತು, ನನಗೆ ತೋಚಿದ ಪರಿಹಾರ ಏನು. ಕೊನೆಯದನ್ನು ಬಿಡಲೇಬೇಡಿ. ಅದಿದ್ದರೆ ಗುರುಗಳು ಬಸ್ಸಿನಲ್ಲಿ ಕುಳಿತೇ ‘ಹೌದು, ಹಾಗೆ ಮಾಡು’ ಎಂದು ಉತ್ತರಿಸಬಹುದು.

ಆಕೆಯ ಮೊದಲ ಸಂದೇಹ ಎರಡನೇ ಪತ್ರದಲ್ಲಿ ಹೀಗೆ ಬಂತು:

‘ಸ್ಲೈಡ್ 5. ಹತ್ತು ಲೀಟರಿನ ಬಕೆಟ್ ಇಟ್ಟು ಮೂರು ಸಲ ಅಳೆದೆ. ತುಂಬಲು 36, 40, 44 ಸೆಕೆಂಡ್ ಹಿಡಿಯಿತು. ಸರಾಸರಿ 40 ಎಂದರೆ ನಿಮಿಷಕ್ಕೆ 15 ಲೀಟರ್, ದಿನಕ್ಕೆ 21,600 ಲೀಟರ್ ಎಂದು ಬರೆದಿದ್ದೇನೆ. ಆದರೆ 44 ಸೆಕೆಂಡ್ ಹಿಡಿದು ಲೆಕ್ಕ ಹಾಕಿದರೆ ಸುಮಾರು 19,600, 36 ಹಿಡಿದರೆ 24,000 ಆಗುತ್ತದೆ. ಅಳೆದದ್ದು ಅಕ್ಟೋಬರಿನ ಒಂದೇ ಬೆಳಗ್ಗೆ. ದಿನದ ಲೆಕ್ಕ ಬಿಟ್ಟು, ‘ಅಕ್ಟೋಬರಿನಲ್ಲಿ ನಿಮಿಷಕ್ಕೆ ಸುಮಾರು 15 ಲೀಟರ್’ ಎಂದರೆ ಸಾಕೇ?’

ಸಾಕು ಎಂದೆ. ಎಂಟು ಸೆಕೆಂಡಿನ ಹೆಚ್ಚುಕಮ್ಮಿ ದಿನದ ಲೆಕ್ಕಕ್ಕೆ ಏರುವಾಗ ನಾಲ್ಕು ಸಾವಿರ ಲೀಟರಿಗಿಂತ ದೊಡ್ಡದಾಗುತ್ತದೆ. 21,600 ಎಂಬ ಅಂಕಿ ಮಾತ್ರ ಕೊನೆಯ ನೂರು ಲೀಟರಿನವರೆಗೂ ಗೊತ್ತಿರುವಂತೆ ನಟಿಸುತ್ತದೆ. ತಿಂಗಳ ಹೆಸರಿಲ್ಲದಿದ್ದರೆ ಕೇಳುವವರು ಏಪ್ರಿಲಿನಲ್ಲೂ ಅಷ್ಟೇ ನೀರು ಎಂದುಕೊಳ್ಳುತ್ತಾರೆ. ಬೇಸಗೆಯಲ್ಲಿ ಅದೇ ಬಕೆಟ್ ಹಿಡಿದು ಇನ್ನೊಮ್ಮೆ ಹೋಗು ಎಂದೂ ಸೇರಿಸಿದೆ.

ಎರಡನೆಯದು ಏಳನೇ ಸ್ಲೈಡಿನದು. ಹದಿನಾಲ್ಕರಲ್ಲಿ ಒಂಬತ್ತು ಸುರಂಗಗಳಲ್ಲಿ ನೀರು ಕಡಿಮೆಯಾಗಿದೆ ಎಂದು ಮನೆಯವರು ಹೇಳಿದ್ದರು. ಆಕೆ ಅದನ್ನು ‘ಶೇ 64’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಳು. ಅನುಮಾನ ಬಂದದ್ದು ಒಬ್ಬ ಯಜಮಾನರು ಮಾತು ಬದಲಿಸಿದಾಗ: ಒಂದು ಮನೆ ಆಚೀಚೆಯಾದರೆ ಶೇಕಡಾವಾರು ಏಳರಷ್ಟು ಜಿಗಿಯುತ್ತದೆ. ‘14ರಲ್ಲಿ 9, ಮನೆಯವರ ನೆನಪಿನ ಪ್ರಕಾರ’ ಎಂದು ಬರೆಯಲೇ ಎಂದು ಕೇಳಿದ್ದಳು. ಹಾಗೇ ಬರೆಯಬೇಕು. ಜೊತೆಗೆ ‘ಮೊದಲಿಗಿಂತ ಕಡಿಮೆಯೇ?’ ಎಂದು ಕೇಳಿದರೆ ಯಾರಾದರೂ ಹೌದೆಂದೇ ಹೇಳುತ್ತಾರೆ. ತೋಟಕ್ಕೆ ಯಾವ ತಿಂಗಳವರೆಗೆ ಸುರಂಗದ ನೀರು ಸಾಕಾಗುತ್ತಿತ್ತು, ಈಗ ಯಾವ ತಿಂಗಳವರೆಗೆ ಎಂದು ಕೇಳಬೇಕು.

ಮೂರನೆಯದು ಒಂಬತ್ತನೇ ಸ್ಲೈಡ್: ‘ಸುರಂಗಗಳು ಬತ್ತಲು ಬೋರ್‌ವೆಲ್ ಕಾರಣ’. ನೀರು ಕಡಿಮೆಯಾದ ಒಂಬತ್ತರಲ್ಲಿ ಆರರ ಹತ್ತಿರ ಬೋರ್‌ವೆಲ್ ಇತ್ತು. ಯಾಕೆ ಅನುಮಾನ ಎಂಬ ಸಾಲು ಬರೆಯಲು ಕುಳಿತಾಗ ಆಕೆಗೆ ಹೊಳೆಯಿತು, ಕಡಿಮೆಯಾಗದ ಐದರ ಹತ್ತಿರ ಎಷ್ಟು ಬೋರ್‌ವೆಲ್ ಇವೆಯೆಂದು ಎಣಿಸಿಯೇ ಇಲ್ಲ! ಪತ್ರ ಅಲ್ಲಿಗೇ ನಿಲ್ಲಿಸಿ ಎರಡು ದಿನ ಗುಡ್ಡ ಹತ್ತಿಳಿದಳು.

ಲಗತ್ತು

ಪಿಪಿಟಿಯ ಜೊತೆ ಪಿಡಿಎಫ್ ಕೂಡ ಕಳುಹಿಸಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಂತೆಯಾಗುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಈ ಕಾಲದಲ್ಲಿ ಬೇರೆ ನೆಪ ಬೇಡ. ಪಿಡಿಎಫ್ ಮಾಡಿದ ಮೇಲೆ ಅದನ್ನು ಮೊಬೈಲ್‌ನಲ್ಲಿ ತೆರೆದು ಒತ್ತಕ್ಷರಗಳು ಒಡೆದಿವೆಯೇ ನೋಡಿ. ‘ಉಚಿತ’ ಎಂದು ಕರೆಯುವ ಪರಿವರ್ತಕ ಜಾಲತಾಣಗಳು ಕೆಲವೊಮ್ಮೆ ಕನ್ನಡದ ಒತ್ತನ್ನು ಕಿತ್ತು ಪಕ್ಕಕ್ಕಿಡುತ್ತವೆ. ಪವರ್‌ಪಾಯಿಂಟ್‌ನಲ್ಲೇ Save As ಕೊಟ್ಟು ಪಿಡಿಎಫ್ ಆರಿಸುವುದು ಸುರಕ್ಷಿತ.

ಜಿಮೇಲ್‌ನಲ್ಲಿ ಲಗತ್ತಿಗೆ 25 ಎಂಬಿ ಮಿತಿ. ಸುರಂಗದ ಫೋಟೊಗಳನ್ನು ಕ್ಯಾಮೆರಾದಿಂದ ಹಾಗೇ ಎಳೆದು ಹಾಕಿದರೆ ಮಿತಿ ದಾಟುತ್ತದೆ. ಫೋಟೊ ಆರಿಸಿ Compress Pictures ಒತ್ತಿ. ಡ್ರೈವ್ ಕೊಂಡಿ ಕಳುಹಿಸುವವರು ಅನುಮತಿ ಕೊಡಲು ಮರೆಯುತ್ತಾರೆ. ಅನುಮತಿ ಕೇಳಿ ಕಾಯುವ ತಾಳ್ಮೆ ನನಗಿಲ್ಲ. ಕಡತದ ಹೆಸರು ‘final_new_2’ ಎಂದಿದ್ದರೆ ನಾನು ತೆರೆಯುವುದೇ ಇಲ್ಲ. suranga_karadu2.pdf ಎಂದಿರಲಿ. ಸ್ಲೈಡ್ ಸಂಖ್ಯೆ ಪುಟದ ಮೇಲೆ ಕಾಣಲಿ, ಇಲ್ಲವಾದರೆ ‘ಸ್ಲೈಡ್ 9’ ಯಾವುದೆಂದು ಬೆರಳಿಟ್ಟು ಎಣಿಸಬೇಕಾಗುತ್ತದೆ.

ಉಳಿದದ್ದು

ಒಕ್ಕಣೆ ಎರಡೇ ಸಾಲು: ‘ಮಾನ್ಯ ಗುರುಗಳಿಗೆ ನಮಸ್ಕಾರಗಳು. ಸುರಂಗಗಳ ಬಗ್ಗೆ ಹನ್ನೆರಡು ಸ್ಲೈಡ್‌ಗಳ ಕರಡು ಲಗತ್ತಿಸಿದ್ದೇನೆ. 5, 7, 9 ಇವುಗಳಲ್ಲಿ ನನಗೆ ಸಂದೇಹವಿದೆ, ಉಳಿದವನ್ನು ಬಿಡುವಾದರೆ ನೋಡಿದರೆ ಸಾಕು.’ ಆ ಮೇಲೆ ನೇರವಾಗಿ ಸಂದೇಹಗಳು, ಕೊನೆಗೆ ಸೆಮಿನಾರಿನ ದಿನಾಂಕ. ಕನಿಷ್ಠ ಹತ್ತು ದಿನ ಮೊದಲು ಕಳುಹಿಸಿ. ವಾರ ಕಳೆದರೂ ಉತ್ತರವಿಲ್ಲದಿದ್ದರೆ ಫೋನ್ ಮಾಡಿ, ಇನ್ನೊಂದು ಪತ್ರ ಬೇಡ.

ಗುಡ್ಡ ಇಳಿದು ಬಂದ ಮೇಲೆ ಆಕೆಯ ಮೂರನೇ ಸಂದೇಹ ಹೀಗಿತ್ತು: ‘ಸ್ಲೈಡ್ 9. ನೀರು ಕಡಿಮೆಯಾದ 9ರಲ್ಲಿ 6ರ ಹತ್ತಿರ ಬೋರ್‌ವೆಲ್ ಇದೆ. ಕಡಿಮೆಯಾಗದ 5ರಲ್ಲೂ 3ರ ಹತ್ತಿರ ಇದೆ. ಎರಡರ ನಡುವೆ ಹೆಚ್ಚು ವ್ಯತ್ಯಾಸ ಕಾಣುತ್ತಿಲ್ಲ. ಸ್ಲೈಡನ್ನೇ ತೆಗೆಯಲೇ?’ ತೆಗೆಯಬೇಡ, ‘ಕಾರಣ’ ಎಂಬ ಪದ ತೆಗೆದು ಎರಡೂ ಲೆಕ್ಕ ಅಕ್ಕಪಕ್ಕ ಇಡು, ಬೋರ್‌ವೆಲ್ ಎಷ್ಟು ಆಳ, ಯಾವ ವರ್ಷದ್ದು ಎಂದು ಕೇಳಿಕೊಂಡು ಬಾ ಎಂದು ಉತ್ತರಿಸಿದೆ. ಕಾಗುಣಿತದ ಎರಡು ತಪ್ಪುಗಳಿದ್ದವು, ಅವನ್ನೂ ತಿದ್ದಿದೆ.