ನನಗೆ ನಾನೇ ಬರೆದುಕೊಳ್ಳುವ ಹುಟ್ಟುಹಬ್ಬದ ಕಾಗದ: ನಾಲ್ಕು ವರ್ಷ ಕೆಟ್ಟು, ಐದನೇ ಸಲ ಕೈಗೆ ಹತ್ತಿದ್ದು

ನಾನು ಸಾಗರದಲ್ಲಿ ಟೈಲರ್. ಬ್ಲೌಸ್, ಫಾಲ್, ಪಿಕೋ, ಜೂನ್ ಬಂದರೆ ಸ್ಕೂಲ್ ಯೂನಿಫಾರ್ಮ್. ವರ್ಷಕ್ಕೊಂದು ಸಲ ನನಗೆ ನಾನೇ ಕಾಗದ ಬರೆದು ಮುಚ್ಚಿಡುತ್ತೇನೆ ಅಂದಾಗ ನಮ್ಮ ಯಜಮಾನರು, "ಬೇರೆ ಯಾರೂ ಸಿಗಲಿಲ್ವಾ ಬರೆಯೋಕೆ?" ಅಂತ ನಕ್ಕಿದ್ದರು. ನಾದಿನಿ ಅಂತೂ ಎರಡು ವರ್ಷ ಆಡಿಕೊಂಡಳು. ಈಗ ಇಬ್ಬರೂ ಸುಮ್ಮನಾಗಿದ್ದಾರೆ. ಯಾಕೆ ಅಂತ ಮುಂದೆ ಬರುತ್ತೆ. ನೀವೂ ಬರೆಯುವವರೇ ಆಗಿದ್ದರೆ ಕಾಗದ ಹೇಗೆ ಶುರು ಮಾಡಬೇಕು ಅಂತೆಲ್ಲ ಹೇಳಬೇಕಾಗಿಲ್ಲ. ಎಲ್ಲಿ ಕೆಟ್ಟಿತು ಅನ್ನೋದನ್ನೇ ಹೇಳ್ತೀನಿ.

ಮೊದಲನೇ ತಪ್ಪು ದಿನದ್ದು. ಶಾಲೆಯ ದಾಖಲೆಯಲ್ಲಿ ನನ್ನ ಹುಟ್ಟುಹಬ್ಬ ಜೂನ್ 1. ನಮ್ಮ ಕಾಲದವರಲ್ಲಿ ಅರ್ಧ ಜನಕ್ಕೆ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ ಅದೇ ಅಲ್ವಾ. 2016ರಲ್ಲಿ ಆ ದಿನ ರಾತ್ರಿ ಹನ್ನೊಂದಕ್ಕೆ, ಎದುರಿಗೆ ಅರವತ್ತೋ ಎಪ್ಪತ್ತೋ ಯೂನಿಫಾರ್ಮ್ ರಾಶಿ ಇಟ್ಟುಕೊಂಡು ಒಂದು ಪುಟ ಗೀಚಿದೆ. ಮರುವರ್ಷ ತೆಗೆದು ಓದಿದರೆ "ಧೈರ್ಯ ಕಳೆದುಕೊಳ್ಳಬಾರದು, ಎಲ್ಲರ ಮಾತು ಕೇಳಬಾರದು" ಅಂತಿದೆ. ಯಾವ ವಿಷಯಕ್ಕೆ ಧೈರ್ಯ? ಯಾರ ಮಾತು? ಬರೆದವಳು ನಾನೇ, ಓದಿದವಳೂ ನಾನೇ, ಒಂದಕ್ಷರ ನೆನಪಾಗಲಿಲ್ಲ.

2017ರಲ್ಲಿ ಮುನ್ನೂರು ರೂಪಾಯಿ ಕೊಟ್ಟು ರಟ್ಟಿನ ಡೈರಿ ತಂದೆ. ಜೆಲ್ ಪೆನ್ನಿನಲ್ಲಿ ಬರೆದೆ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಎರಡು ಪುಟ ಅಂಟಿಕೊಂಡು ನೀಲಿ ಕಲೆ ಆಗಿತ್ತು. ಅವತ್ತಿಂದ ಬರೀ ಬಾಲ್ ಪೆನ್. 2018ರಲ್ಲಿ ನನಗೆ ನಾನೇ ಇಮೇಲ್ ಕಳಿಸಿಕೊಂಡೆ. ಫೋನ್ ನೀರಿಗೆ ಬಿತ್ತು, ಪಾಸ್‌ವರ್ಡ್ ಮರೆತಿದ್ದೆ, ಆ ಕಾಗದ ಇವತ್ತಿಗೂ ಎಲ್ಲೋ ಇದೆ. 2019ರಲ್ಲಿ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ತಂದು, ನನ್ನ ವಿಳಾಸವನ್ನೇ ಬರೆದು ಅಂಚೆಗೆ ಹಾಕಿದೆ. ಮೂರನೇ ದಿನಕ್ಕೆ ಬಂತು. ಪೋಸ್ಟ್‌ಮ್ಯಾನ್ ಎದುರಿಗೇ ಒಡೆದು ಓದಿಬಿಟ್ಟೆ. ವರ್ಷ ಕಾಯೋದು ಎಲ್ಲಿ ಬಂತು!

2020ರಲ್ಲಿ ಜೂನ್ ಬಂದಾಗ ಶಾಲೆಗಳೇ ಮುಚ್ಚಿದ್ದವು. ಕಾಗದ ಬರೆಯುವ ಮನಸ್ಸಿರಲಿಲ್ಲ, ಮಾಸ್ಕ್ ಹೊಲಿಯುತ್ತಿದ್ದೆ. ಒಂದಕ್ಕೆ ಹತ್ತು ರೂಪಾಯಿ. ಆಗ ಅಮ್ಮ ಬಂದು ನಮ್ಮನೆಯಲ್ಲೇ ಇದ್ದರು. ಮಾತಿಗೆ ಮಾತು ಬಂದು, "ನೀನು ಹುಟ್ಟಿದ್ದು ಜೂನಲ್ಲ ಕಣೆ, ಧನುರ್ಮಾಸದಲ್ಲಿ, ಸಂಕ್ರಾಂತಿಗೆ ಇನ್ನು ಒಂದು ವಾರ ಇತ್ತು" ಅಂದರು. ತಲೆಗೆ ಹೊಳೆದದ್ದು ಆಗಲೇ. ಧನುರ್ಮಾಸದಲ್ಲಿ ಮದುವೆ ಇಲ್ಲ, ಮದುವೆ ಇಲ್ಲ ಅಂದರೆ ಆರ್ಡರ್ ಇಲ್ಲ. ವರ್ಷದಲ್ಲಿ ಮೆಷಿನ್ ಸುಮ್ಮನಿರುವ ವಾರ ಅದೊಂದೇ. ಮಳೆಯೂ ಇಲ್ಲ, ಕಾಗದ ಗರಿಗರಿ. 2021ರ ಜನವರಿಯಿಂದ ಅಮ್ಮ ಹೇಳಿದ ಹುಟ್ಟುಹಬ್ಬಕ್ಕೇ ಬರೆಯುತ್ತಿದ್ದೇನೆ.

ದಿನ ಸರಿಹೋಯಿತು, ಇನ್ನು ನೆನಪಿನ ಕಥೆ. ಸುಮ್ನೆ ಕೂತು ವರ್ಷವನ್ನು ನೆನೆಸಿಕೊಂಡರೆ ದೀಪಾವಳಿಯಿಂದ ಈಚೆಗಿನದ್ದು ಮಾತ್ರ ಬರುತ್ತದೆ. ಫೆಬ್ರವರಿಯಲ್ಲಿ ಅತ್ತಿದ್ದು, ಏಪ್ರಿಲ್‌ನಲ್ಲಿ ಗೆದ್ದಿದ್ದು ಎಲ್ಲ ಮಾಯ. ಇದಕ್ಕೆ ನನ್ನ ಮದ್ದು ಅಳತೆ ಪುಸ್ತಕ. ಪ್ರತಿ ಆರ್ಡರಿಗೂ ತಾರೀಕು, ಅಳತೆ, ಅಡ್ವಾನ್ಸ್ ಬರೆದು ಬಟ್ಟೆಯ ಚೂರೊಂದನ್ನು ಪಿನ್ ಮಾಡಿರುತ್ತೇನೆ. ಹಿಂದಿನ ಜನವರಿಯಿಂದ ಒಂದೊಂದೇ ಪುಟ ತಿರುವುತ್ತೇನೆ. ಗಿಳಿಹಸಿರು ರೇಷ್ಮೆ ಚೂರು ಕಂಡರೆ ಸಾಕು, ಆ ವಾರ ಮಗಳಿಗೆ ಜ್ವರ ಬಂದಿದ್ದು, ತೋಳು ತಪ್ಪು ಕತ್ತರಿಸಿದ್ದು, ಅದಕ್ಕೆ ನನ್ನ ಕೈಯಿಂದಲೇ ಅರ್ಧ ಮೀಟರ್ ತಂದಿದ್ದು ಎಲ್ಲ ಸಾಲಾಗಿ ಬರುತ್ತದೆ. ಎರಡು ಗಂಟೆ ಬೇಕು. ಹೊಲಿಗೆಯವರಲ್ಲದಿದ್ದರೆ ಫೋನ್‌ಪೇ ಲೆಕ್ಕ ನೋಡಿ, ಅದೂ ಹಾಗೇ ಕೆಲಸ ಮಾಡುತ್ತೆ. ಅಂಗಡಿ ಬಿಲ್ ಮಾತ್ರ ಸಾಕ್ಷಿಗೆ ಅಂತ ಅಂಟಿಸಬೇಡಿ. ಮೆಷಿನ್ನಿಂದ ಬರುವ ಆ ನುಣುಪು ಕಾಗದದ ಬಿಲ್ ನಾಲ್ಕು ಅಂಟಿಸಿದ್ದೆ, ವರ್ಷ ಆಗುವಷ್ಟರಲ್ಲಿ ಬಿಳಿ ಚೀಟಿ ಆಗಿದ್ದವು.

ಈಗ ಮುಖ್ಯ ವಿಷಯ, ನನಗೆ ಜಾಸ್ತಿ ದುಡ್ಡು ಕಳೆದ ಪಾಠ.

2021ರ ಕೊನೆಯಲ್ಲಿ ಒಂದು ಮದುವೆ ಆರ್ಡರ್ ಬಂತು. ಮದುಮಗಳಿಗೆ ಆರಿ ಕಸೂತಿ ಕೆಲಸದ ನಾಲ್ಕು ಬ್ಲೌಸ್, ಮನೆಯವರಿಗೆ ಲೈನಿಂಗ್ ಹಾಕಿದ್ದು ಏಳು. ಒಟ್ಟು ಹದಿನಾಲ್ಕು ಸಾವಿರದ ಹತ್ತಿರ. ಅಡ್ವಾನ್ಸ್ ಎರಡು ಸಾವಿರ. ಆರಿ ಕೆಲಸದವರಿಗೆ ನಾನೇ ಆರು ಸಾವಿರ ಮುಂಗಡ ಕೊಟ್ಟೆ. ಮದುವೆ ಆಯ್ತು, ಊಟಕ್ಕೂ ಹೋಗಿಬಂದೆ. ಆಮೇಲೆ ಅಲ್ಲಿಷ್ಟು ಇಲ್ಲಿಷ್ಟು ಅಂತ ಐದು ಸಾವಿರ ಬಂತು, ಉಳಿದ ಏಳು ಸಾವಿರ ಬರಲೇ ಇಲ್ಲ. ಆ ಜನವರಿಯ ಕಾಗದದಲ್ಲಿ ಸಿಟ್ಟಿನಿಂದ ಬರೆದೆ: "ಯಾರನ್ನೂ ನಂಬಬೇಡ." ಹೊಲಿದು ಮುಚ್ಚಿಟ್ಟೆ.

2022ರ ನವೆಂಬರಿನಲ್ಲಿ ಮತ್ತೆ ಅದೇ ಆಯ್ತು. ಗೃಹಪ್ರವೇಶದ ಒಂದು ಬ್ಲೌಸ್, ಆರಿಗೆ ಕೊಟ್ಟ 1,800 ಹೋಯಿತು. ಜನವರಿಯಲ್ಲಿ ಹಳೇ ಕಾಗದ ಬಿಚ್ಚಿ ಓದಿದಾಗ ನಗು ಬಂತು, ಹೊಟ್ಟೆಯೂ ಉರಿಯಿತು. "ಯಾರನ್ನೂ ನಂಬಬೇಡ" ಅನ್ನೋದನ್ನು ಪಾಲಿಸಿದರೆ ನಮ್ಮಂಥ ಊರಲ್ಲಿ ಅಂಗಡಿ ಮುಚ್ಚಬೇಕು. ಅರ್ಧ ಗಿರಾಕಿಗಳು ಗುರುತಿನವರೇ. ಪಾಲಿಸೋಕೆ ಆಗದ ಮಾತನ್ನು ಬರೆದಿದ್ದೆ, ಅದನ್ನೂ ವರ್ಷವಿಡೀ ನನಗೇ ಕಾಣದಂತೆ ಮುಚ್ಚಿಟ್ಟಿದ್ದೆ.

ಆ ವರ್ಷದಿಂದ ಪಾಠ ಬರೆಯುವ ರೀತಿ ಬದಲಾಯಿಸಿದೆ. ಮೊದಲು ನಡೆದದ್ದು, ದುಡ್ಡಿನ ಲೆಕ್ಕದ ಸಮೇತ. ಆಮೇಲೆ, ಯಾವ ಗಳಿಗೆಯಲ್ಲಿ ತಡೆಯಬಹುದಿತ್ತು? ಇದನ್ನು ಹುಡುಕೋದೇ ಕಷ್ಟ. ನಾನು ಬಾಕಿ ಕೇಳಿದಾಗ ತಪ್ಪಾಯ್ತು ಅಂದುಕೊಂಡಿದ್ದೆ. ಅಲ್ಲ. ಬ್ಲೌಸ್ ಕೊಟ್ಟ ದಿನವೂ ಅಲ್ಲ, ಮದುವೆ ಮುಂದೆ ಇಟ್ಟುಕೊಂಡು ಕೊಡಲ್ಲ ಅನ್ನೋಕಾಗುತ್ತಾ? ಕತ್ತರಿ ಇಟ್ಟ ಗಳಿಗೆ ಅದು. ಕತ್ತರಿಸುವ ಮುಂಚೆ ಅವರಿಗೂ ಬೇರೆ ದಾರಿ ಇದೆ, ನನಗೂ ಇದೆ. ಕತ್ತರಿಸಿದ ಮೇಲೆ ನಾನು ಸಿಕ್ಕಿಹಾಕಿಕೊಂಡೆ. ಹಾಗಾಗಿ 2023ರ ಕಾಗದದಲ್ಲಿ ಬರೆದದ್ದು: "ಆರಿಯ ದುಡ್ಡು ಕೈಗೆ ಬಾರದೆ ಬಟ್ಟೆಗೆ ಕತ್ತರಿ ಇಡಲ್ಲ." ಕಾಗದ ಮುಚ್ಚುವ ಮುಂಚೆ ಈ ಒಂದು ಸಾಲನ್ನು ಹೊಸ ಅಳತೆ ಪುಸ್ತಕದ ಮೊದಲ ಪುಟಕ್ಕೆ ಇಳಿಸಿಕೊಂಡೆ. ಒಂದೇ ಸಾಲು. ಎರಡು ಬರೆದರೆ ಎರಡನ್ನೂ ಓದಲ್ಲ, ಮಾಡಿ ನೋಡಿದ್ದೇನೆ.

ಆ ಮೇ ತಿಂಗಳಲ್ಲಿ ಒಬ್ಬರು ಐದು ರೇಷ್ಮೆ ತುಂಡು ತಂದರು. ಆರಿಗೆ ನಾಲ್ಕೂವರೆ ಸಾವಿರ ಮೊದಲೇ ಬೇಕು ಅಂದೆ. ಮುಖ ಕೆಂಪಾಯ್ತು, ಬಟ್ಟೆ ಮಡಚಿಕೊಂಡು ಹೊರಟರು. ನಾದಿನಿ ಅಲ್ಲೇ ಕೂತಿದ್ದಳು, "ಬಂದ ಲಕ್ಷ್ಮೀನ ಕಾಗದ ನೋಡಿ ಓಡಿಸಿದೆ" ಅಂದಳು. ಒಂದು ವಾರ ನನಗೂ ಹೊಟ್ಟೆಯಲ್ಲಿ ಸಂಕಟ. ಅವರು ತಿರುಗಿ ಬರಲಿಲ್ಲ. ಆದರೆ ಅದೇ ತಿಂಗಳು ಇನ್ನಿಬ್ಬರು ತಕರಾರಿಲ್ಲದೆ ಕೊಟ್ಟರು. ಅವತ್ತಿಂದ ಆರಿಯ ಬಾಬ್ತು ಒಂದು ರೂಪಾಯಿ ಮುಳುಗಿಲ್ಲ, ಒಟ್ಟು ಬಾಕಿಯೂ ಎರಡು ಸಾವಿರ ದಾಟಿಲ್ಲ. ನಾದಿನಿ ಸುಮ್ಮನಾದದ್ದು ಆಗ.

ಇನ್ನು ಬರೆಯುವ ಕ್ರಮ. ಹಳೇ ಕಾಗದವನ್ನು ಮೊದಲು ಓದಬೇಡಿ. ಓದಿದರೆ ಹೊಸ ಕಾಗದ ಅದಕ್ಕೆ ಉತ್ತರ ಆಗಿಬಿಡುತ್ತದೆ, ಬರೀ ಸಬೂಬು ಕೊಡುತ್ತಾ ಕೂರುತ್ತೇವೆ. ನಾನು ವರ್ಷದ ಪಾಠ ಬರೆದು ಮುಗಿಸಿ, "ಹೋದ ವರ್ಷ ಏನು ಆಸೆ ಪಟ್ಟಿದ್ದೆ?" ಅಂತ ನೆನಪಿನಿಂದ ಮೂರು ಸಾಲು ಬರೆದು, ಆಮೇಲೆ ಹಳೇದನ್ನು ಬಿಚ್ಚುತ್ತೇನೆ. ಎರಡು ವರ್ಷ ಅಂತೂ ಮೂರರಲ್ಲಿ ಒಂದು ಪೂರ್ತಿ ತಪ್ಪು. ಆಸೆಯನ್ನೇ ಬದಲಾಯಿಸಿಕೊಂಡು, ಮೊದಲಿಂದ ಇದೇ ಬೇಕಿತ್ತು ಅಂತ ನಂಬಿಕೊಂಡಿದ್ದೆ. ಎಲ್ಲ ಓದಿದ ಮೇಲೆ ಚಹಾ ಕುಡಿದು ಮುಂದಿನ ವರ್ಷದ ಆಸೆ ಬರೆಯುವುದು.

ಆಸೆ ಮೂರೇ. ಪ್ರತಿ ಆಸೆಯ ಪಕ್ಕದಲ್ಲಿ, ಆಗುತ್ತೆ ಅನ್ನೋ ನಂಬಿಕೆ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕುತ್ತೇನೆ. ಇದು ಸುಮ್ನೆ ತಮಾಷೆಗೆ ಶುರು ಮಾಡಿದ್ದು. ಒಂಬತ್ತು ಕೊಟ್ಟವುಗಳಲ್ಲಿ ಅರ್ಧವೂ ಆಗಿಲ್ಲ. ನಾಲ್ಕು ಕೊಟ್ಟಿದ್ದ ಪವರ್ ಮೆಷಿನ್ ಬಂತು! ಯಾಕೆಂದರೆ ಅದರ ಮುಂದೆ "ಯುಗಾದಿಯೊಳಗೆ ಚೀಟಿ ಸೇರಬೇಕು, ತಿಂಗಳಿಗೆ ಎರಡು ಸಾವಿರ" ಅಂತ ಬರೆದಿದ್ದೆ. ಒಂಬತ್ತು ಕೊಟ್ಟವುಗಳ ಮುಂದೆ ಏನೂ ಬರೆದಿರಲಿಲ್ಲ, ಹೇಗೂ ಆಗುತ್ತಲ್ಲ ಅನ್ನೋ ಸೊಕ್ಕು.

ಒಂದು ಸಣ್ಣ ವಿಷಯ. ಹಿಂದೆ ಪೂರ್ತಿ ಕಾಗದವನ್ನು "ನೀನು" ಅಂತ ಬರೆಯುತ್ತಿದ್ದೆ. ಓದಿದರೆ ನಮ್ಮತ್ತೆ ಬೈದ ಹಾಗೇ ಕೇಳಿಸುತ್ತಿತ್ತು. ಒಂದು ವರ್ಷ "ನೀವು" ಅಂತ ಮರ್ಯಾದೆ ಕೊಟ್ಟು ನೋಡಿದೆ, ಬ್ಯಾಂಕಿನ ನೋಟಿಸ್ ಆಯ್ತು. ಈಗ ಪಾಠಕ್ಕೆ "ನಾನು", ಆಸೆಗೆ "ನೀನು". ಮೊದಲ ಸಾಲು ಮಾತ್ರ ಅಜ್ಜಿಯ ಕಾಗದದ್ದೇ: "ಇತ್ತ ನಾನು ಕ್ಷೇಮ, ಅತ್ತ ನೀನು ಹೇಗಿದ್ದೀಯೋ ತಿಳಿಯದು." ಇದನ್ನು ಬರೆಯುವಾಗ ಪ್ರತಿ ಸಲ ಕೈ ಒಂದು ಗಳಿಗೆ ನಿಲ್ಲುತ್ತದೆ.

ಮುಚ್ಚುವುದು ಗೋಂದಿನಿಂದಲ್ಲ, ಹೊಲಿಗೆಯಿಂದ. ದಪ್ಪ ಕವರು ಐದು ರೂಪಾಯಿ, ದಾರ ನನ್ನದೇ. ಕದ್ದು ಬಿಚ್ಚಿ ಮತ್ತೆ ಹೊಲಿದರೆ ನನಗೇ ಗೊತ್ತಾಗುವಂಥ ಒಂದು ಹೊಲಿಗೆ ಇದೆ, ಅದ್ಯಾವುದು ಅಂತ ಹೇಳಲ್ಲ, ಮನೆಯವರೂ ಇದನ್ನು ಓದ್ತಾರೆ. ಮೆಷಿನ್ ಡ್ರಾಯರ್‌ನಲ್ಲಿ ಇಡಬೇಡಿ, ಎಣ್ಣೆ ಹೀರಿ ಒಂದು ಕಾಗದ ಹಪ್ಪಳದ ಹಾಗೆ ಪಾರದರ್ಶಕ ಆಗಿತ್ತು. ನಾನು ಗುಂಡಿಯ ಸ್ಟೀಲ್ ಡಬ್ಬದಲ್ಲಿ ಇಡುತ್ತೇನೆ.

ಈ ಸಲ ಹೊಲಿಯುತ್ತಾ ಕೂತಿದ್ದಾಗ ಯಜಮಾನರು ಒಂದು ಮಡಚಿದ ಹಾಳೆ ತಂದು ಮೇಜಿನ ಮೇಲಿಟ್ಟು, "ಇದನ್ನೂ ಒಂದು ಕವರಿಗೆ ಹಾಕಿ ಹೊಲಿದುಬಿಡು" ಅಂದರು. ಏನು ಬರೆದಿದ್ದಾರೋ ಗೊತ್ತಿಲ್ಲ. ಅವರದ್ದೂ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬವೇ, ಜೂನ್ 1ಕ್ಕೆ ಬಿಚ್ಚಬೇಕಂತೆ. ಅವತ್ತು ನನಗೆ ಯೂನಿಫಾರ್ಮ್ ರಾಶಿ ಇರುತ್ತದೆ ಅಂದೆ. "ಕತ್ತರಿ ಕೊಡು ಸಾಕು, ನಾನೇ ಬಿಚ್ಚಿಕೊಳ್ತೀನಿ" ಅಂದರು.