ನೀರು ತುಪ್ಪಕ್ಕೆ ಗಟ್ಟಿ ತುಪ್ಪ: ಅಡ್ಡಗೀಟಿನ ಲೆಕ್ಕ ನನಗೆ ಕೈಹಿಡಿದದ್ದು

ಸಕಲೇಶಪುರ ಕಡೆ ತುಡುವೆ ಜೇನಿನ ಪೆಟ್ಟಿಗೆ ಇಟ್ಟವರಿಗೆ ಮೇ ಕೊನೆಯ ಜೇನುತುಪ್ಪದ ಕಥೆ ಗೊತ್ತೇ ಇದೆ. ಮಳೆ ಶುರುವಾಗೋಕೆ ಮುಂಚೆ ತೆಗೆದುಬಿಡೋಣ ಅಂತ ಪೂರ್ತಿ ಮೇಣ ಮುಚ್ಚದ ಎರಿಯನ್ನೂ ಯಂತ್ರಕ್ಕೆ ಹಾಕಿ ತಿರುಗಿಸಿಬಿಡ್ತೀವಿ. ನೀರಿನಂಶ ಶೇಕಡಾ 23ರ ಆಸುಪಾಸು ಬರುತ್ತೆ. 20ಕ್ಕಿಂತ ಜಾಸ್ತಿ ಇದ್ರೆ ನಿಯಮದ ಪ್ರಕಾರ ಮಾರೋ ಹಾಗಿಲ್ಲ, ಮಾರಿದ್ರೂ ಬಾಟ್ಲಿಯೊಳಗೇ ಹುಳಿ ಬರುತ್ತೆ.

ನಮ್ಮ ಕಡೆಯ ಹಿರಿಯ ಜೇನುಗಾರರೊಬ್ಬರು ಆಗಲೇ ಹೇಳಿದ್ರು: "ಒಳ್ಳೆ ತುಪ್ಪ ಬೆರೆಸಿ ಸರಿಮಾಡ್ತೀನಿ ಅಂತ ಹೊರಟಿದ್ದೀಯ, ಹಾಲಿಗೆ ಹೆಪ್ಪು ಹಾಕಿದ ಹಾಗಾಗುತ್ತೆ, ಎರಡೂ ಹೋಗುತ್ತೆ ನೋಡು." ಮೊದಲ ವರ್ಷ ಅವರ ಮಾತೇ ನಿಜವಾಯ್ತು. ಆಗಲೇ ಸಣ್ಣಗೆ ನೊರೆ ಕಟ್ಟಿದ್ದ ಡಬ್ಬಕ್ಕೆ ಅರಸೀಕೆರೆ ಕಡೆಯ ಗಟ್ಟಿ ತುಪ್ಪ ಅರ್ಧಕ್ಕರ್ಧ ಸುರಿದೆ. ತಿಂಗಳೊಳಗೆ ಸುಮಾರು ಇಪ್ಪತ್ತೈದು ಕೆಜಿ ಹುಳಿ. ಅವತ್ತಿನ ರೇಟಲ್ಲಿ ಹನ್ನೆರಡು ಸಾವಿರದ ಮೇಲೆ ಹೋಯ್ತು, ಮನೆಯಲ್ಲಿ ಕೇಳಿದ ಮಾತು ಬೇರೆ. ಲೆಕ್ಕ ಯಾವುದಿದ್ರೂ ಹುಳಿ ಹಿಡಿದದ್ದಕ್ಕೆ ನಡೆಯೋಲ್ಲ. ತಿರುಗಿಸಿದ ವಾರದೊಳಗೆ, ನೊರೆ ಕಾಣೋಕೆ ಮುಂಚೆ ಬೆರೆಸಬೇಕು.

ಎಷ್ಟಕ್ಕೆ ಎಷ್ಟು ಬೆರೆಸಬೇಕು ಅಂತ ಹೇಳೋ ಅಡ್ಡಗೀಟಿನ ಲೆಕ್ಕ ಕಲಿಸಿದ್ದು ಹಾಸನದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದ ಅಣ್ಣನ ಮಗ. ಅವನ ಪುಸ್ತಕದಲ್ಲಿ ಹಾಲು-ನೀರಿನ ಲೆಕ್ಕ ನೋಡಿ, "ಚಿಕ್ಕಪ್ಪ, ನಿಮ್ಮ ತುಪ್ಪಾನೂ ಇದೇ ಅಲ್ವಾ" ಅಂದ. ಅರ್ಧಕ್ಕರ್ಧ ಅಂತ ಕಣ್ಣಂದಾಜಲ್ಲಿ ಸುರಿದವನಿಗೆ ನಾಚಿಕೆಯಾಯ್ತು.

ಹೋದ ಸಲದ್ದೇ ಹೇಳ್ತೀನಿ. ನಂದು 23, ಅರಸೀಕೆರೆಯದು 18, ಬೇಕಾದದ್ದು 19.5. ನಡುವೆ 19.5 ಬರೆದು ಅಡ್ಡ ಕಳೆದೆ.

```
23          1.5
     19.5
18          3.5
```

23ರ ಸಾಲಿನಲ್ಲಿ 19.5ರಿಂದ 18 ಕಳೆದದ್ದು, 18ರ ಸಾಲಿನಲ್ಲಿ 23ರಿಂದ 19.5 ಕಳೆದದ್ದು. ಅಂದ್ರೆ ನನ್ನದು 3 ಪಾಲಿಗೆ ಅದು 7 ಪಾಲು. ನನ್ನ ಹತ್ರ 18 ಕೆಜಿ ಇತ್ತು, ಅದಕ್ಕೆ 42 ಕೆಜಿ ಬೇಕಾಯ್ತು, ಒಟ್ಟು 60. ನೀರು 4.14 ಪ್ಲಸ್ 7.56, ಅಂದ್ರೆ 11.7 ಕೆಜಿ. 60ಕ್ಕೆ ಹಾಕಿ ನೋಡಿ, ಸರಿಯಾಗಿ 19.5. ತಕ್ಕಡಿಯಲ್ಲೇ ತೂಗಿ, ಲೀಟರ್ ಲೆಕ್ಕ ಬೇಡ, ಶೇಕಡಾ ಇರೋದು ತೂಕದ್ದು.

20 ಬಿಟ್ಟು 19.5 ಯಾಕೆ ಅಂತ ಕೇಳ್ತಾರೆ. ನನ್ನದು 23 ಅಂತ ಓದಿದ್ದು ನಿಜದಲ್ಲಿ 24 ಇದ್ರೂ ಮಿಶ್ರಣ 19.8ಕ್ಕೆ ನಿಲ್ಲುತ್ತೆ, ಅದು ಮೂರೇ ಪಾಲಲ್ವಾ. ಆದ್ರೆ ನೀರಿನಂಶ ಓದೋ ರಿಫ್ರಾಕ್ಟೋಮೀಟರೇ ಅರ್ಧ ಕಮ್ಮಿ ತೋರಿಸ್ತಿದ್ರೆ ಆ ಅರ್ಧ ಪೂರ್ತಿ ಮಿಶ್ರಣಕ್ಕೂ ಬರುತ್ತೆ, ಲೆಕ್ಕ ಅದನ್ನ ಹಿಡಿಯೋಲ್ಲ. ನಂದು ಎರಡೂವರೆ ಸಾವಿರದ್ದು, ಕಂಪನಿಯವರು ಜೊತೆಗೆ ಕೊಟ್ಟ ಎಣ್ಣೆ ಹಾಕಿ ಪ್ರತಿಸಲ ಸರಿಮಾಡ್ಕೋತೀನಿ. ಹರಳುಗಟ್ಟಿದ ತುಪ್ಪದ ಮೇಲಿನ ರಸ ತೆಗೆದು ಓದಬೇಡಿ, ಅದು ಇರೋದಕ್ಕಿಂತ ನೀರಾಗೇ ಕಾಣುತ್ತೆ. ಬಿಸಿನೀರಲ್ಲಿ ಡಬ್ಬ ಇಟ್ಟು ಪೂರ್ತಿ ಕರಗಿಸಿ, ಆರಿಸಿ, ಆಮೇಲೆ ಓದಿ. ಕೈ ತಡೆಯೋಷ್ಟು ಬಿಸಿ ಸಾಕು.

ಎರಡನೇ ವರ್ಷ ಲೆಕ್ಕ ಸರಿಯಿದ್ರೂ ಸೋತೆ. ಗಟ್ಟಿ ತುಪ್ಪದ ಮೇಲೆ ನೀರು ತುಪ್ಪ ಸುರಿದು ನಾಲ್ಕು ಸುತ್ತು ತಿರುಗಿಸಿ ಆಯ್ತು ಅಂದುಕೊಂಡೆ. ತೆಳುವಾದದ್ದು ಮೇಲೇ ತೇಲಿತ್ತು. ಕೆಳಗಿನ ನಲ್ಲಿಯಿಂದ ತುಂಬಿಸಿದ ಬಾಟ್ಲಿಗಳೆಲ್ಲ ಚೆನ್ನಾಗಿದ್ವು, ಕೊನೆಯ ಹತ್ತು ಹನ್ನೆರಡು ಮಾತ್ರ ಗಿರಾಕಿ ಮನೆಯಲ್ಲಿ ಮುಚ್ಚಳ ಉಬ್ಬಿಸಿಕೊಂಡ್ವು. ಈಗ ತೆಳುವಾದದ್ದು ಮೊದಲು ಸುರಿದು ಗಟ್ಟಿಯದ್ದು ಮೇಲಿಂದ ಹಾಕ್ತೀನಿ, ಅದೇ ಇಳಿಯುತ್ತಾ ಬೆರೆಯುತ್ತೆ. ಆಮೇಲೂ ಕಲಕಬೇಕು. ಮಾರನೇ ದಿನ ಮೇಲಿಂದ ಒಂದು ಹನಿ, ನಲ್ಲಿಯಿಂದ ಒಂದು ಹನಿ ಓದ್ತೀನಿ. ಎರಡೂ ಒಂದೇ ಬರೋ ತನಕ ಬಾಟ್ಲಿ ಮುಟ್ಟೋಲ್ಲ.

ನಡುವೆ ಗಟ್ಟಿ ತುಪ್ಪ ಕೊಳ್ಳೋ ಖರ್ಚು ಉಳಿಸೋಣ ಅಂತ ಆಗಸ್ಟಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಅಗಲ ಪಾತ್ರೆಗೆ ಹಾಕಿ ತೆರೆದಿಟ್ಟೆ, ನೀರು ಆರುತ್ತೆ ಅಂತ. ನಮ್ಮ ಮಳೆಗಾಲದ ಗಾಳಿಗೆ ಅದು ಆರೋದಿರಲಿ, ಒಂದೂವರೆ ಜಾಸ್ತಿಯಾಗಿತ್ತು! ಗಾಳಿಯ ನೀರನ್ನೇ ಕುಡಿದಿತ್ತು. ಹೊಗೆ ವಾಸನೆ ಬೇರೆ.

ಹೋದ ಸಲದ 60 ಕೆಜಿಯಲ್ಲಿ ಅರಸೀಕೆರೆ ತುಪ್ಪಕ್ಕೆ ಕೆಜಿಗೆ ನಾನೂರರ ಹತ್ರ ಕೊಟ್ಟೆ, ಮಾರಿದ್ದು ಆರುನೂರಕ್ಕೆ. ಎರಡೂ ಕಡೆಯ ತುಡುವೆ ತುಪ್ಪ ಬೆರೆಸಿದ್ದು ಅಂತ ಚೀಟಿಯಲ್ಲಿ ಬರೆದೇ ಮಾರಿದೆ. ಬಾಟ್ಲಿ, ಸಾಗಾಟ ಕಳೆದು ಹದಿನಾರು ಸಾವಿರದಷ್ಟು ಉಳೀತು. ಇಲ್ಲದಿದ್ರೆ ನನ್ನ 18 ಕೆಜಿ ಹುಳಗಳಿಗೇ ವಾಪಸ್ ಹೋಗ್ತಿತ್ತು. ಆ ಹಿರಿಯರಿಗೂ ಒಂದು ಬಾಟ್ಲಿ ಕಳಿಸಿದ್ದೆ. ದೀಪಾವಳಿ ಕಳೆದ ಮೇಲೆ ಫೋನ್ ಮಾಡಿ, "ಇನ್ನೂ ನೊರೆ ಬಂದಿಲ್ಲ ಕಣೋ, ಆ ಗೀಟಿನ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಡು" ಅಂದ್ರು.